ಕನಕಾಂಬರ ಪ್ರಿಂಟ್: ಅಂಚು ಸರಿಯಾಗಿ ಕೂಡಿದೆ, ಆದರೂ ಬಟ್ಟೆ ಮೇಲೆ ಪಟ್ಟಿ ಕಾಣುತ್ತಿದೆ

ಸಿಂಚನಾ_ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಕುರ್ತಿ ಬಟ್ಟೆಗೆ ಒಂದು ಡಿಸೈನ್ ಮಾಡಿದ್ದೇನೆ. ಕಡು ನೀಲಿ ನೆಲದ ಮೇಲೆ ಬಿಳಿ ಮಲ್ಲಿಗೆ, ಹಸಿರು ಎಲೆ, ನಡುವೆ ಒಂದು ಕನಕಾಂಬರದ ಗೊಂಚಲು. ಒಂದು ಟೈಲ್ 32 ಸೆಂ.ಮೀ. ಅಗಲ, 32 ಸೆಂ.ಮೀ. ಎತ್ತರ. Illustrator‌ನಲ್ಲಿ ಬರೆದು, 300 ಡಿಪಿಐನಲ್ಲಿ ಪಿಎನ್‌ಜಿ ಮಾಡಿ ಡಿಜಿಟಲ್ ಪ್ರಿಂಟ್‌ಗೆ ಕೊಟ್ಟೆ. ಕೊಡುವ ಮೊದಲು Photoshop‌ನಲ್ಲಿ Offset ಹಾಕಿ ನೋಡಿದ್ದೆ. ಹೂವುಗಳು ಒಂದಕ್ಕೊಂದು ಚೆನ್ನಾಗಿ ಕೂಡಿಕೊಂಡಿದ್ದವು.

ಈಗ ಕಾಟನ್ ಮೇಲೆ ಒಂದು ಮೀಟರ್ ಸ್ಯಾಂಪಲ್ ಬಂದಿದೆ. ಹತ್ತಿರದಿಂದ ನೋಡಿದರೆ ಕೂದಲಿನಷ್ಟು ತೆಳುವಾದ ತಿಳಿ ಗೆರೆ ಅಲ್ಲಲ್ಲಿ ಕಾಣುತ್ತದೆ, ಉದ್ದಕ್ಕೂ ಇದೆ, ಅಡ್ಡಕ್ಕೂ ಇದೆ. ಇನ್ನೊಂದು ತೊಂದರೆ ದೂರ ನಿಂತಾಗ. ಬಟ್ಟೆಯನ್ನು ಹಗ್ಗದ ಮೇಲೆ ಹಾಕಿ ನಾಲ್ಕು ಹೆಜ್ಜೆ ಹಿಂದೆ ಬಂದರೆ ಮೇಲಿಂದ ಕೆಳಗೆ ನೀಲಿ ಪಟ್ಟಿಗಳು ಓಡಿದ ಹಾಗೆ ಕಾಣುತ್ತದೆ. ಮತ್ತೆ ಕನಕಾಂಬರ ಮಾತ್ರ ಚುಕ್ಕಿ ಇಟ್ಟ ಹಾಗೆ ಸಾಲಾಗಿ ಎದ್ದು ಕಾಣುತ್ತದೆ. ಪ್ರಿಂಟ್ ಅಂಗಡಿಯವರು ಫೈಲ್‌ನದೇ ತೊಂದರೆ ಅನ್ನುತ್ತಾರೆ. Offset ಪಾಸ್ ಆದ ಮೇಲೂ ಹೀಗೆ ಆಗುತ್ತದಾ?

ಪಿಕ್ಸೆಲ್‌ಪುಟ್ಟ

ತೆಳು ಗೆರೆ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. Illustrator‌ನಲ್ಲಿ ಪ್ಯಾಟರ್ನ್ ತುಂಬಿಸಿದಾಗ ಇಂಥ ಗೆರೆ ಸ್ಕ್ರೀನ್ ಮೇಲೆ ಯಾವಾಗಲೂ ಬರುತ್ತದೆ, ಅದು ನಿಜವಾದ ಗೆರೆ ಅಲ್ಲ. ಪಟ್ಟಿ ಹೋಗಬೇಕಾದರೆ ಹಾಫ್ ಡ್ರಾಪ್ ಮಾಡಿ. ಪಕ್ಕದ ಸಾಲು ಅರ್ಧ ಟೈಲ್ ಕೆಳಗೆ ಇಳಿದರೆ ಎಲ್ಲ ಒಡೆದುಹೋಗುತ್ತದೆ. ಕನಕಾಂಬರದ ಸಾಲೂ ಒಡೆಯುತ್ತದೆ. ಐದು ನಿಮಿಷದ ಕೆಲಸ.

ಶಕೀಲಾ ಟೈಲರ್ಸ್

ತಂಗಿ, ಜೋಡಣೆ ಗೆರೆ ಕಾಣುತ್ತದೆ ಅಂದರೆ ಅದು ಕಟಿಂಗ್ ಮಾಡುವವರ ಕೈಯಲ್ಲಿದೆ. ನಮ್ಮ ಅಂಗಡಿಗೂ ದೊಡ್ಡ ಹೂವಿನ ಬಟ್ಟೆ ಬರುತ್ತದೆ. ಮುಂಭಾಗ, ಹಿಂಭಾಗ ಎರಡನ್ನೂ ಒಂದೇ ಹೂವಿನ ಮಟ್ಟದಲ್ಲಿ ಇಟ್ಟು ಕತ್ತರಿಸಿದರೆ ಪಕ್ಕದ ಹೊಲಿಗೆಯಲ್ಲಿ ಹೂವು ಕೂಡಿಕೊಳ್ಳುತ್ತದೆ. ಬಟ್ಟೆ ಜಾಸ್ತಿ ಹಿಡಿಯುತ್ತದೆ ಅಷ್ಟೇ. 32 ಸೆಂ.ಮೀ. ಡಿಸೈನ್ ಅಂದರೆ ಒಂದೊಂದು ಪೀಸ್‌ಗೆ ಒಂದು ಗೇಣಿನ ಮೇಲೆ ವೇಸ್ಟ್ ಆಗಬಹುದು. ಅದನ್ನು ಮೊದಲೇ ಲೆಕ್ಕ ಹಾಕಿಕೊಳ್ಳಿ.

ಸಿಂಚನಾ_ದಾವಣಗೆರೆ

ಶಕೀಲಕ್ಕ, ಇನ್ನೂ ಹೊಲಿದೇ ಇಲ್ಲ, ಬಟ್ಟೆ ಇಡಿಯಾಗಿದೆ. ಅದರ ಮೇಲೆಯೇ ಗೆರೆ ಇದೆ. ಆದರೆ ವೇಸ್ಟ್ ವಿಷಯ ನಾನು ಯೋಚಿಸಿರಲಿಲ್ಲ, ಅದನ್ನೂ ಕೇಳುತ್ತೇನೆ.

ಪುಟ್ಟ ಅವರೇ, ಗೆರೆ ಬಟ್ಟೆ ಮೇಲೇ ಇದೆಯಲ್ಲ. ಸ್ಕ್ರೀನ್‌ದು ಅಂತ ಹೇಗೆ ಬಿಡೋದು?

ಹಳೇಮಿಲ್_ರಂಗು

ಸಿಂಚನಾ ಅವರೇ, ನಾನು ರೋಟರಿ ಪ್ರಿಂಟಿಂಗ್ ಮಿಲ್‌ನ ಡಿಸೈನ್ ವಿಭಾಗದಲ್ಲಿ ರಿಪೀಟ್ ಹಾಕುವ ಕೆಲಸ ಮಾಡಿದವನು. ನಿಮ್ಮ ಬಟ್ಟೆ ಮೇಲೆ ಮೂರು ಬೇರೆ ಬೇರೆ ತೊಂದರೆ ಇವೆ. ಒಂದಕ್ಕೆ ಮಾಡಿದ ಮದ್ದು ಇನ್ನೊಂದಕ್ಕೆ ಕೆಲಸ ಮಾಡುವುದಿಲ್ಲ. ಅದಕ್ಕೇ ಮೊದಲು ಬಿಡಿಸಿ ನೋಡೋಣ.

ತೆಳು ಗೆರೆಯಿಂದ ಶುರು ಮಾಡಿ. ಟೇಪ್ ತೆಗೆದುಕೊಂಡು ಒಂದು ಗೆರೆಯಿಂದ ಮುಂದಿನ ಗೆರೆಗೆ ಎಷ್ಟು ಅಂತ ಅಳೆಯಿರಿ. ಎರಡೂ ದಿಕ್ಕಿನಲ್ಲಿ ಅಳತೆ ಟೈಲ್‌ನ ಅಳತೆಗೆ ಸರಿಹೊಂದಿದರೆ ತಪ್ಪು ಫೈಲ್‌ನಲ್ಲಿದೆ. ಮೆಷಿನ್ ತಪ್ಪಾಗಿದ್ದರೆ ಗೆರೆ ಸಾಮಾನ್ಯವಾಗಿ ಪನ್ನದ ಅಡ್ಡಕ್ಕೆ ಮಾತ್ರ ಬರುತ್ತದೆ. ಪ್ರಿಂಟ್ ಹೆಡ್ ಅಡ್ಡ ಓಡುತ್ತದೆ, ಬಟ್ಟೆ ಸ್ವಲ್ಪ ಸ್ವಲ್ಪವೇ ಮುಂದೆ ಜಾರುತ್ತದೆ. ಆ ಜಾರುವಿಕೆ ಹೆಚ್ಚು ಕಡಿಮೆಯಾದರೆ ಹತ್ತಿರ ಹತ್ತಿರವೇ ಗೆರೆ ಬೀಳುತ್ತವೆ, ನಿಮ್ಮ 32ಕ್ಕೂ ಅದಕ್ಕೂ ಸಂಬಂಧ ಇರುವುದಿಲ್ಲ.

ಹಾಂ, ಕಾಟನ್ ಸ್ಟೀಮ್ ಆಗಿ ತೊಳೆದು ಬಂದ ಮೇಲೆ ಸ್ವಲ್ಪ ಕುಗ್ಗಿರುತ್ತದೆ. ಸರಿಯಾಗಿ 32 ಬರದಿದ್ದರೆ ಗಾಬರಿಯಾಗಬೇಡಿ. ಕನಕಾಂಬರದಿಂದ ಕನಕಾಂಬರಕ್ಕೂ ಅಳೆಯಿರಿ. ಗೆರೆಯ ಅಳತೆ ಅದಕ್ಕೆ ಸಮ ಇದ್ದರೆ ಸಾಕು.

ಸಿಂಚನಾ_ದಾವಣಗೆರೆ

ಅಳೆದೆ ಸರ್. ಉದ್ದಕ್ಕೆ 31ರ ಹತ್ತಿರ ಬಂತು, ಅಡ್ಡಕ್ಕೆ 32ಕ್ಕೆ ಒಂದು ನೂಲು ಕಮ್ಮಿ. ಕನಕಾಂಬರದಿಂದ ಕನಕಾಂಬರಕ್ಕೂ ಅಷ್ಟೇ ಇದೆ. ಗೆರೆ ಎರಡೂ ದಿಕ್ಕಿನಲ್ಲಿದೆ.

ಹಳೇಮಿಲ್_ರಂಗು

ಹಾಗಾದರೆ ಫೈಲ್‌ನದೇ. ಕಾರಣ ನಿಮ್ಮ ಅಳತೆಯಲ್ಲೇ ಇದೆ. 32 ಸೆಂ.ಮೀ.ಯನ್ನು 300 ಡಿಪಿಐನಲ್ಲಿ ಪಿಕ್ಸೆಲ್‌ಗೆ ತಿರುಗಿಸಿದರೆ 3779.53 ಬರುತ್ತದೆ. ಅರ್ಧ ಪಿಕ್ಸೆಲ್ ಅನ್ನುವುದು ಇರೋದಿಲ್ಲವಲ್ಲ. ಸಾಫ್ಟ್‌ವೇರ್ 3780 ಪಿಕ್ಸೆಲ್ ಫೈಲ್ ಮಾಡುತ್ತದೆ, ಕೊನೆಯ ಪಿಕ್ಸೆಲ್ ಸಾಲಿಗೆ ನಿಮ್ಮ ನೀಲಿ ಅರ್ಧ ಮಾತ್ರ ತಲುಪುತ್ತದೆ. ಉಳಿದರ್ಧ ಪಾರದರ್ಶಕ. ಪ್ರಿಂಟ್‌ಗೆ ಹೋದಾಗ ಅದರ ಹಿಂದೆ ಬಟ್ಟೆಯ ಬಿಳಿ ಬರುತ್ತದೆ. ಬಲ ಅಂಚಿನಲ್ಲಿ ಒಂದು ಸಾಲು, ಕೆಳ ಅಂಚಿನಲ್ಲಿ ಒಂದು ಸಾಲು. ತಿಳಿ ನೆಲವಾಗಿದ್ದರೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಕಡು ನೀಲಿ ಮೇಲೆ, ಅದೂ ನೇರ ಗೆರೆಯಾಗಿ ಮತ್ತೆ ಮತ್ತೆ ಬಂದರೆ ಕಣ್ಣು ಹಿಡಿದುಬಿಡುತ್ತದೆ.

Offset‌ನಲ್ಲಿ ಕಾಣದಿದ್ದದ್ದೂ ಸಹಜ. ಇಡೀ ಟೈಲ್ ಸ್ಕ್ರೀನ್‌ಗೆ ಹಿಡಿಸುವಷ್ಟು ಸಣ್ಣದು ಮಾಡಿ ನೋಡಿದರೆ ಒಂದು ಪಿಕ್ಸೆಲ್ ಎಲ್ಲಿ ಕಾಣುತ್ತದೆ? 100%ಗೆ ಹಿಗ್ಗಿಸಿ, ಮಧ್ಯದ ಕೂಡು ಗೆರೆಯ ಮೇಲೆ ಮೇಲಿಂದ ಕೆಳಗೆ ನಿಧಾನವಾಗಿ ಹೋಗಿ. ಹೂವು ನೋಡಬೇಡಿ, ಖಾಲಿ ನೀಲಿ ಇರುವ ಜಾಗ ನೋಡಿ.

ಪಿಕ್ಸೆಲ್‌ಪುಟ್ಟ

ಸರಿ ಸರ್, ಇದು ನನಗೆ ಹೊಳೆದಿರಲಿಲ್ಲ. ಆದರೆ ಸ್ಕ್ರೀನ್ ಗೆರೆ ಅನ್ನೋದೂ ಸುಳ್ಳಲ್ಲ ಅಲ್ವಾ? ನನಗೆ ಎಷ್ಟೋ ಸಲ Illustrator‌ನಲ್ಲಿ ಕಂಡು, ಪ್ರಿಂಟ್‌ನಲ್ಲಿ ಬಂದಿಲ್ಲ.

ಹಳೇಮಿಲ್_ರಂಗು

ಸುಳ್ಳಲ್ಲ. ಬೇರೆ ಮಾಡೋದು ಸುಲಭ. ಝೂಮ್ ಬದಲಿಸಿದಾಗ ಗೆರೆ ಮಾಯವಾದರೆ, ಇಲ್ಲವೇ ಬೇರೆ ಟೈಲ್‌ನ ಅಂಚಿಗೆ ಹಾರಿದರೆ ಅದು ಸ್ಕ್ರೀನ್‌ದು. ಎಕ್ಸ್‌ಪೋರ್ಟ್ ಆದ ಪಿಎನ್‌ಜಿಯಲ್ಲಿ 100%ನಲ್ಲಿ ನೋಡಿದಾಗಲೂ ಅದೇ ಜಾಗದಲ್ಲಿ ಇದ್ದರೆ ಅದು ಫೈಲ್‌ದು. ಅಂದರೆ ಪರೀಕ್ಷೆ ಮಾಡಬೇಕಾದ್ದು ನಾವು ಬರೆಯುವ ಫೈಲ್ ಅಲ್ಲ, ಪ್ರಿಂಟ್‌ಗೆ ಹೋಗುವ ಫೈಲ್.

ಕೋಡ್‌ಕುಸುಮ

ನಾನು ಬಟ್ಟೆಯವಳಲ್ಲ, ಗೇಮ್‌ಗೆ ನೆಲ, ಗೋಡೆಯ ಟೈಲ್ ಮಾಡುತ್ತೇನೆ. ಇದೇ ಕಾಟ ನಮಗೂ ಇದೆ. ಕಣ್ಣಿಟ್ಟು ಹುಡುಕುವ ಬದಲು ImageMagick ಕೇಳಿದರೆ ಅದೇ ಹೇಳುತ್ತದೆ:

```
magick tile.png -format "%w %h %[opaque]\n" info:
```

ಮೊದಲೆರಡು ಅಗಲ, ಎತ್ತರ. ಕೊನೆಯದು `False` ಬಂದರೆ ಎಲ್ಲೋ ಒಂದು ಕಡೆ ಪಾರದರ್ಶಕ ಪಿಕ್ಸೆಲ್ ಇದೆ ಅಂತ. ನೆಲ ಪೂರ್ತಿ ಬಣ್ಣ ತುಂಬಿದ ಡಿಸೈನ್ ಆದರೆ ಅದು `True` ಬರಲೇಬೇಕು.

ಸಿಂಚನಾ_ದಾವಣಗೆರೆ

`3780 3780 False` ಬಂತು! ಹಾಗಾದರೆ Photoshop‌ನಲ್ಲಿ ಹಿಂದೆ ಒಂದು ನೀಲಿ ಲೇಯರ್ ಹಾಕಿ ಒಂದೇ ಮಾಡಿಬಿಟ್ಟರೆ ಆಯ್ತಲ್ಲ?

ಹಳೇಮಿಲ್_ರಂಗು

ಖಾಲಿ ನೆಲದ ಮೇಲಿನ ಗೆರೆ ಹೋಗುತ್ತದೆ. ಆದರೆ ಅಂಚು ದಾಟುವ ಬಿಳಿ ಮಲ್ಲಿಗೆಯ ಮೇಲೆ ಆಗ ನೀಲಿ ಗೆರೆ ಬರುತ್ತದೆ. ತೇಪೆ ಬೇಡ, ಮೂಲದಿಂದಲೇ ಮತ್ತೆ ಎಕ್ಸ್‌ಪೋರ್ಟ್ ಮಾಡಿ. 300 ಬದಲು 254 ಡಿಪಿಐ ಇಡಿ. ಒಂದು ಇಂಚು ಅಂದರೆ 2.54 ಸೆಂ.ಮೀ., ಹಾಗಾಗಿ ಒಂದು ಸೆಂ.ಮೀ.ಗೆ ಸರಿಯಾಗಿ 100 ಪಿಕ್ಸೆಲ್. 32 ಸೆಂ.ಮೀ.ಗೆ 3200. ಅರ್ಧಕ್ಕೆ 1600. ಎಲ್ಲೂ ಚಿಲ್ಲರೆ ಉಳಿಯುವುದಿಲ್ಲ. ಕಾಟನ್ ಮೇಲೆ 300ಕ್ಕೂ 254ಕ್ಕೂ ವ್ಯತ್ಯಾಸ ಕಾಣುವುದಿಲ್ಲ. ಆರ್ಟ್‌ಬೋರ್ಡ್‌ನ X, Y ಕೂಡ ಪೂರ್ಣ ಅಂಕಿಯಲ್ಲಿ ಇರಲಿ. ಅದು 0.37 ಅಂತ ಎಲ್ಲೋ ನಿಂತಿದ್ದರೆ ಅಳತೆ ಸರಿ ಇದ್ದರೂ ಅಂಚು ಅರ್ಧಂಬರ್ಧ ಆಗುತ್ತದೆ.

ಇನ್ನು ನೀಲಿ ಪಟ್ಟಿ. ಇಲ್ಲಿ ಪುಟ್ಟ ಅವರ ಮಾತು ನಾನು ಒಪ್ಪುವುದಿಲ್ಲ. ಹಾಫ್ ಡ್ರಾಪ್‌ನಲ್ಲಿ ಪಕ್ಕದ ಸಾಲು ಮೇಲೆ ಕೆಳಗೆ ಜಾರುತ್ತದೆ, ಅಷ್ಟೇ. ಸಾಲುಗಳ ನಡುವಿನ ಗಡಿ ನೇರವಾಗಿಯೇ ಇರುತ್ತದೆ. ಆ ಗಡಿಯಲ್ಲಿ ಹೂವಿಲ್ಲದ ಸಂದಿ ಇದ್ದರೆ, ಹೂವನ್ನು ಎಷ್ಟು ಕೆಳಗೆ ಇಳಿಸಿದರೂ ಸಂದಿ ತುಂಬುವುದಿಲ್ಲ. ಹಾಫ್ ಡ್ರಾಪ್ ಅಡ್ಡ ಪಟ್ಟಿಯನ್ನು ಒಡೆಯುತ್ತದೆ. ಉದ್ದದ ಪಟ್ಟಿಯನ್ನಲ್ಲ.

ಪಿಕ್ಸೆಲ್‌ಪುಟ್ಟ

ಹೌದಲ್ಲ! ಹಾಗಾದರೆ ಬ್ರಿಕ್ ಮಾಡಲಿ. ಅಡ್ಡ ಸಾಲು ಅರ್ಧ ಪಕ್ಕಕ್ಕೆ ಜಾರಿದರೆ ಉದ್ದದ ಪಟ್ಟಿ ಒಡೆಯುತ್ತದೆ.

ಹಳೇಮಿಲ್_ರಂಗು

ಒಡೆಯುತ್ತದೆ. ಆದರೆ 32 ಸೆಂ.ಮೀ. ಉದ್ದದ ತುಂಡುಗಳಾಗಿ ಒಡೆಯುತ್ತದೆ. ಸಂದಿ ಅಗಲವಾಗಿದ್ದರೆ ಈಗ ಪಟ್ಟಿ ಕಾಣುವ ಕಡೆ ಆಗ ಇಟ್ಟಿಗೆ ಗೋಡೆ ಕಾಣುತ್ತದೆ. ಸಂದಿ ಯಾಕೆ ಬಂತು ಅಂತ ಮೊದಲು ನೋಡಬೇಕು. ಸಿಂಚನಾ ಅವರೇ, ನಿಮ್ಮ ಟೈಲ್‌ನ ಎಡ ಅಂಚಿನಲ್ಲಿ ಏನೇನು ಅಂಚು ದಾಟುತ್ತದೆ, ಸ್ವಲ್ಪ ಹೇಳಿ.

ಸಿಂಚನಾ_ದಾವಣಗೆರೆ

ಎಡ ಬಲ ಅಂಚಿನಲ್ಲಿ ಸಣ್ಣ ಎಲೆಗಳು, ಎರಡು ಮೊಗ್ಗು. ದೊಡ್ಡ ಮಲ್ಲಿಗೆ ಎಲ್ಲ ಒಳಗಡೆ ಇವೆ. ಮೇಲೆ ಕೆಳಗೆ ಮಾತ್ರ ಎರಡು ದೊಡ್ಡ ಹೂವು ದಾಟುತ್ತವೆ.

ಹಳೇಮಿಲ್_ರಂಗು

ಅದೇ ನೋಡಿ. ಉದ್ದದ ಪಟ್ಟಿ ಅಲ್ಲಿಂದಲೇ. ಮೊದಲು ಬೋರ್ಡ್ ಒಳಗೆ ದೊಡ್ಡ ಹೂವು ಇಟ್ಟು, ಆಮೇಲೆ Offset ಮಾಡಿ, ನಡುವೆ ಕಂಡ ಖಾಲಿ ಜಾಗಕ್ಕೆ ಸಣ್ಣದೇನಾದರೂ ತುಂಬುವುದು ಎಲ್ಲರೂ ಮಾಡುವ ಕ್ರಮ. ಅಂಚು ಕೂಡಿಕೊಳ್ಳುತ್ತದೆ. ಆದರೆ ದೊಡ್ಡ ಹೂವುಗಳ ನಡುವೆ ಸಣ್ಣ ಎಲೆಗಳದೇ ಒಂದು ಓಣಿ ಉಳಿಯುತ್ತದೆ. ಹತ್ತಿರದಿಂದ ತುಂಬಿದ ಹಾಗೇ ಕಾಣುತ್ತದೆ. ದೂರ ನಿಂತಾಗ ಎಲೆಯ ಹಸಿರು ನೀಲಿಯಲ್ಲಿ ಕರಗಿ ಓಣಿ ಎದ್ದು ಬರುತ್ತದೆ.

ಮಿಲ್‌ನಲ್ಲಿ ನಾವು ಕೂಡು ಗೆರೆಯನ್ನು ನೇರವಾಗಿ ಇಡುತ್ತಲೇ ಇರಲಿಲ್ಲ. ಹೂವಿನ ಅಂಚು ಹಿಡಿದು, ಎಲೆಯ ಸುತ್ತ ಬಳಸಿ, ಅಂಕುಡೊಂಕಾಗಿ ಇಳಿಸುತ್ತಿದ್ದೆವು. ಕಣ್ಣಿಗೆ ಹಿಡಿಯಲು ನೇರ ಗೆರೆಯೇ ಸಿಗಬಾರದು. ನೀವು ಕಂಪ್ಯೂಟರ್‌ನಲ್ಲಿ ಅದನ್ನೇ ಮಾಡಬಹುದು. ಒಳಗಿರುವ ದೊಡ್ಡ ಮಲ್ಲಿಗೆಗಳಲ್ಲಿ ಎರಡನ್ನು ಎಡ ಅಂಚಿನ ಮೇಲೆ ಕೂರಿಸಿ. ಒಂದು ಹೆಚ್ಚು ಹೊರಗೆ, ಒಂದು ಹೆಚ್ಚು ಒಳಗೆ. ಆಮೇಲೆ ಅವುಗಳ ನಕಲನ್ನು Move ಹಾಕಿ ಸರಿಯಾಗಿ 32 ಸೆಂ.ಮೀ. ಬಲಕ್ಕೆ ಕಳಿಸಿ. ಕೈಯಲ್ಲಿ ಎಳೆದು ಕೂಡಿಸಬೇಡಿ. ಒಳಗೆ ಖಾಲಿಯಾದ ಜಾಗಕ್ಕೆ ಅಂಚಿನ ಸಣ್ಣ ಎಲೆಗಳನ್ನು ತನ್ನಿ.

ಕೋಡ್‌ಕುಸುಮ

ಪಟ್ಟಿಯನ್ನೂ ಅಳೆಯಬಹುದು. ಟೈಲ್‌ನ ಪ್ರತಿ ಕಂಬ ಸಾಲನ್ನು ಒತ್ತಿ ಒಂದೇ ಪಿಕ್ಸೆಲ್ ಎತ್ತರಕ್ಕೆ ಇಳಿಸಿದರೆ ಆ ಸಾಲಿನ ಸರಾಸರಿ ಬೆಳಕು ಸಿಗುತ್ತದೆ. 3200 ಪಿಕ್ಸೆಲ್ ಟೈಲ್‌ಗೆ:

```
magick tile.png -roll +1600+0 -colorspace Gray -scale 320x1! -scale 320x60! kamba.png
```

`-roll` ಇರುವುದು ಎಡ ಬಲ ಅಂಚು ಮಧ್ಯಕ್ಕೆ ಬರಲಿ ಅಂತ. ಒಂದು ಸಣ್ಣ ಬೂದು ಪಟ್ಟಿ ಚಿತ್ರ ಬರುತ್ತದೆ. ಅದರಲ್ಲಿ ಎಲ್ಲಿ ಕಪ್ಪು ಗೀಟು ಇದೆಯೋ ಅಲ್ಲಿ ಬಟ್ಟೆ ಮೇಲೆ ಓಣಿ ಕಾಣುತ್ತದೆ. ರಂಗು ಸರ್ ಹೇಳಿದ ಹಾಫ್ ಡ್ರಾಪ್ ಮಾತೂ ಇದರಲ್ಲಿ ಅರ್ಥವಾಗುತ್ತದೆ. ಸಾಲನ್ನು ಮೇಲೆ ಕೆಳಗೆ ಸರಿಸಿದರೆ ಅದರ ಸರಾಸರಿ ಬದಲಾಗುವುದೇ ಇಲ್ಲ. ಚಿತ್ರ ಹಾಗೇ ಬರುತ್ತದೆ.

ಬ್ಲಾಕ್‌ಮನೆ

ಕಮಾಂಡ್ ಎಲ್ಲ ಬಾರದವರಿಗೆ ಒಂದು ದಾರಿ. Photoshop‌ನಲ್ಲಿ ಟೈಲ್ ಸಣ್ಣದು ಮಾಡಿ, Define Pattern ಹಾಕಿ, ದೊಡ್ಡ ಕ್ಯಾನ್ವಾಸ್ ತುಂಬಿಸಿ, Motion Blur 90 ಡಿಗ್ರಿಗೆ ಜೋರಾಗಿ ಕೊಡಿ. ಉದ್ದದ ಪಟ್ಟಿ ಇದ್ದರೆ ಎದ್ದು ನಿಲ್ಲುತ್ತದೆ. 0 ಡಿಗ್ರಿಗೆ ಕೊಟ್ಟರೆ ಅಡ್ಡ ಪಟ್ಟಿ.

ನಾನು ಮರದ ಅಚ್ಚಿನಲ್ಲಿ ಪ್ರಿಂಟ್ ಮಾಡುವವಳು. ನಮ್ಮಲ್ಲಿ ಅಚ್ಚು ಕೂಡುವ ಜಾಗ ಸ್ವಲ್ಪ ಕಾಣಲೇಬೇಕು, ಕೈಕೆಲಸ ಅಂತ ಗಿರಾಕಿ ಗುರುತಿಸುವುದೇ ಅದರಿಂದ. ಆದರೆ ಅಲ್ಲಿ ಪ್ರತಿ ಕೂಡು ಬೇರೆ ಬೇರೆ ಥರ ಇರುತ್ತದೆ. ಒಂದು ಕಡೆ ಬಣ್ಣ ಜಾಸ್ತಿ, ಇನ್ನೊಂದು ಕಡೆ ಕೂದಲೆಳೆ ಸಂದಿ. ಡಿಜಿಟಲ್‌ನಲ್ಲಿ ಒಂದೇ ತಪ್ಪು ಅಚ್ಚುಕಟ್ಟಾಗಿ ಮತ್ತೆ ಮತ್ತೆ ಬರುತ್ತದೆ, ಅದಕ್ಕೇ ಕಣ್ಣಿಗೆ ಚುಚ್ಚುತ್ತದೆ.

ಕನಕಾಂಬರ ಸಾಲಾಗಿ ಕಾಣುವುದರಲ್ಲಿ ನನಗೇನೂ ತಪ್ಪು ಕಾಣುವುದಿಲ್ಲ. ಸೀರೆಯ ಬುಟ್ಟಾ ಸಾಲಾಗಿಯೇ ಇರುತ್ತದಲ್ಲ? ಇರಲಿ ಬಿಡಿ.

ಹಳೇಮಿಲ್_ರಂಗು

ಬುಟ್ಟಾ ಸಾಲಾಗಿ ಕಾಣಲಿ ಅಂತಲೇ ಇಟ್ಟದ್ದು, ಅದರ ಸುತ್ತ ಖಾಲಿ ನೆಲ ಇರುತ್ತದೆ. ಇಲ್ಲಿ ಸುತ್ತಲೂ ಹೂವು ಚೆಲ್ಲಿದ ಹಾಗೆ ಬರೆದಿದ್ದಾರೆ. ಚೆಲ್ಲಿದ ಹೂವಿನ ನಡುವೆ ಒಂದು ಮಾತ್ರ ಕವಾಯತಿಗೆ ನಿಂತರೆ ಟೈಲ್‌ನ ಅಳತೆ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ಒಂದೇ ಒಂದು ಕಿತ್ತಳೆ ಗೊಂಚಲು ಇರುವುದೇ ಕಾರಣ. ಇಡೀ ಟೈಲ್‌ನಲ್ಲಿ ಆ ಬಣ್ಣ ಬೇರೆಲ್ಲೂ ಇಲ್ಲ. ಮೂರು ಗೊಂಚಲು ಮಾಡಿ, ಅಳತೆ ಬೇರೆ ಬೇರೆ ಇರಲಿ. ನೇರ ಸಾಲಿನಲ್ಲಾಗಲಿ, ಸಮ ತ್ರಿಕೋನದಲ್ಲಾಗಲಿ ಇಡಬೇಡಿ. ಮುಖ್ಯವಾಗಿ, ಟೈಲ್ ಒಳಗಿನ ದೂರ ಮಾತ್ರ ನೋಡಬೇಡಿ. ಬಲ ಅಂಚಿನ ಹತ್ತಿರ ಒಂದು, ಎಡ ಅಂಚಿನ ಹತ್ತಿರ ಒಂದು ಇಟ್ಟರೆ ಟೈಲ್‌ನಲ್ಲಿ ದೂರ ದೂರ ಕಾಣುತ್ತವೆ, ಬಟ್ಟೆ ಮೇಲೆ ಪಕ್ಕಪಕ್ಕ ಬಂದು ಜೋಡಿಯಾಗಿಬಿಡುತ್ತವೆ.

ಇದನ್ನು ಸಣ್ಣ ಚಿತ್ರದಲ್ಲಿ ನೋಡುವುದೇ ಒಳ್ಳೆಯದು. ಕುಸುಮ ಅವರೇ, ಐದು ಸಲ ಅಡ್ಡ, ಐದು ಸಲ ಉದ್ದ ಹರಡುವ ಕಮಾಂಡ್ ಇದ್ದರೆ ಹಾಕಿ.

ಕೋಡ್‌ಕುಸುಮ

```
magick tile.png -resize 320x320 small.png
magick -size 1600x1600 tile:small.png -blur 0x6 nota.png
```

ಇದು ತೂಕ ನೋಡಲು ಮಾತ್ರ. ಸಣ್ಣದು ಮಾಡುವಾಗ ಅಂಚಿನಲ್ಲಿ ಇಲ್ಲದ ಗೆರೆ ಹುಟ್ಟಬಹುದು, ಇರುವ ಗೆರೆ ಮುಚ್ಚಿಹೋಗಲೂಬಹುದು. ತೆಳು ಗೆರೆಯನ್ನು ದೊಡ್ಡ ಫೈಲ್‌ನಲ್ಲೇ ಹುಡುಕಿ.

ಸಿಂಚನಾ_ದಾವಣಗೆರೆ

ಎಲ್ಲ ಮಾಡಿ ನೋಡಿದೆ. 254 ಡಿಪಿಐನಲ್ಲಿ ಎಕ್ಸ್‌ಪೋರ್ಟ್ ಮಾಡಿದ ಮೇಲೆ `3200 3200 True` ಬಂತು. 100%ನಲ್ಲಿ ಮಧ್ಯದ ಗೆರೆ ಉದ್ದಕ್ಕೂ ಹೋದೆ, ಎಲ್ಲೂ ತಿಳಿ ಗೆರೆ ಇಲ್ಲ.

ಹಳೆಯ ಡಿಸೈನ್‌ನ `kamba.png` ಮಧ್ಯದಲ್ಲಿ ಒಂದು ಬೆರಳಗಲ ಕಪ್ಪು ಗೀಟು ಸ್ಪಷ್ಟವಾಗಿ ಇತ್ತು. ಎರಡು ಮಲ್ಲಿಗೆಯನ್ನು ಅಂಚಿನ ಮೇಲೆ ಕೂರಿಸಿದ ಮೇಲೆ ಆ ಗೀಟು ಹೋಯಿತು. ಆದರೆ ಅದರ ಬಲಕ್ಕೆ, ಮಲ್ಲಿಗೆ ಎತ್ತಿದ ಜಾಗದಲ್ಲಿ, ಇನ್ನೊಂದು ಹುಟ್ಟಿಕೊಂಡಿತು! ಅಲ್ಲಿಗೆ ಮಧ್ಯಮ ಅಳತೆಯ ಒಂದು ಹೂವು ತಂದ ಮೇಲೆ ಈಗ ಬೂದು ಬಣ್ಣ ಬಹುಪಾಲು ಸಮ ಇದೆ.

ಕನಕಾಂಬರ ಮೂರು ಮಾಡಿದೆ. `nota.png`ನಲ್ಲಿ ಈಗ ಸಾಲು ಇಲ್ಲ, ಆದರೆ ಎಡ ಮೇಲಿಂದ ಬಲ ಕೆಳಕ್ಕೆ ಓರೆಯಾಗಿ ಕಿತ್ತಳೆ ಓಡಿದ ಹಾಗೆ ಅನ್ನಿಸುತ್ತದೆ. ಇದು ಬಟ್ಟೆ ಮೇಲೆ ಕಾಣುತ್ತದಾ, ಇಲ್ಲ ನನ್ನ ಕಣ್ಣೇ ಹುಡುಕುತ್ತಿದೆಯಾ?

ಹಳೇಮಿಲ್_ರಂಗು

ಕಾಣಬಹುದು. ಓರೆ ಸಾಲು ಉದ್ದದ ಪಟ್ಟಿಯಷ್ಟು ಕೆಟ್ಟದಲ್ಲ, ಸ್ವಲ್ಪ ಇದ್ದರೆ ಡಿಸೈನ್‌ಗೆ ಓಟ ಕೊಡುತ್ತದೆ. ಜಾಸ್ತಿಯಾದರೆ ಮಧ್ಯದ ಗೊಂಚಲನ್ನು ನಾಲ್ಕೈದು ಸೆಂ.ಮೀ. ಪಕ್ಕಕ್ಕೆ ಸರಿಸಿ ನೋಡಿ. ನಿಮ್ಮ ಸ್ಯಾಂಪಲ್ ಒಂದು ಮೀಟರ್, 44 ಇಂಚು ಪನ್ನ ಅಂದುಕೊಂಡರೆ ಟೈಲ್ ಅಡ್ಡಕ್ಕೆ ಮೂರೂವರೆ ಸಲ, ಉದ್ದಕ್ಕೆ ಮೂರು ಸಲ ಮಾತ್ರ ಬರುತ್ತದೆ. ಓರೆ ಸಾಲು ತಿಳಿಯಲು ಅದು ಕಮ್ಮಿ. ಮುಂದಿನ ಸಲ ಎರಡು ಮೀಟರ್ ಹಾಕಿಸಿ.

ಬ್ಲಾಕ್‌ಮನೆ

ನನಗೆ ಓರೆ ಸಾಲೇ ಹೆಚ್ಚು ಚುಚ್ಚುತ್ತದೆ ಸರ್. ಕುರ್ತಿ ಹಾಕಿದಾಗ ಮೈ ತಿರುಚಿದ ಹಾಗೆ ಕಾಣುತ್ತದೆ. ಉದ್ದ ಪಟ್ಟಿ ಆದರೂ ಎತ್ತರ ತೋರಿಸುತ್ತದೆ.

ಹಳೇಮಿಲ್_ರಂಗು

ಅದು ನೋಡುವವರ ಮೇಲೆ. ನಾನಂತೂ ಓಣಿ ಇರುವ ಬಟ್ಟೆ ಪಾಸ್ ಮಾಡುವುದಿಲ್ಲ.

ಪಿಕ್ಸೆಲ್‌ಪುಟ್ಟ

ಟೈಲ್‌ನ್ನೇ 64 ಸೆಂ.ಮೀ. ಮಾಡಿದರೆ? ಡಿಜಿಟಲ್‌ಗೆ ಅಳತೆಯ ಕಟ್ಟು ಇಲ್ಲವಲ್ಲ. ಸಾಲು ದೂರ ದೂರ ಹೋಗುತ್ತದೆ.

ಹಳೇಮಿಲ್_ರಂಗು

ಮಾಡಬಹುದು. ರೋಟರಿ ಸ್ಕ್ರೀನ್‌ನ ಸುತ್ತಳತೆ ಸಾಮಾನ್ಯವಾಗಿ 64 ಸೆಂ.ಮೀ., ಅದಕ್ಕೇ ನಾವು 64, 32, 16 ಅಂತ ಹೋಗುತ್ತಿದ್ದೆವು. ಮುಂದೆ ಎಂದಾದರೂ ರೋಟರಿಗೆ ಹೋಗುವ ಯೋಚನೆ ಇದ್ದರೆ 64 ಒಳ್ಳೆಯ ಅಳತೆಯೇ. ಆದರೆ ಈಗಿನ 32ನ್ನೇ ನಾಲ್ಕು ಸಲ ಅಂಟಿಸಿ 64 ಅಂದರೆ ಏನೂ ಬದಲಾಗುವುದಿಲ್ಲ. ನಾಲ್ಕು ಭಾಗದಲ್ಲೂ ಕನಕಾಂಬರದ ಜಾಗ, ದೊಡ್ಡ ಹೂವಿನ ತಿರುವು ಬೇರೆ ಮಾಡಬೇಕು. ಕೆಲಸ ಜಾಸ್ತಿ.

ಶಕೀಲಾ ಟೈಲರ್ಸ್

64 ಮಾಡಿದರೆ ಹೂವು ಕೂಡಿಸಿ ಕತ್ತರಿಸುವವರ ಗತಿ ಏನು? 32ಕ್ಕೇ ವೇಸ್ಟ್ ಅಂದೆ. ಮತ್ತೊಂದು ಕೇಳುತ್ತೇನೆ ತಂಗಿ, ಹೂವೆಲ್ಲ ಮೇಲೆ ಮುಖ ಮಾಡಿವೆಯಾ? ಹಾಗಿದ್ದರೆ ಒಂದು ಪೀಸ್ ನೇರ, ಒಂದು ಪೀಸ್ ತಲೆಕೆಳಗು ಇಟ್ಟು ಕತ್ತರಿಸಲು ಆಗುವುದಿಲ್ಲ. ಬಟ್ಟೆ ಇನ್ನೂ ಜಾಸ್ತಿ ಬೇಕು.

ಸಿಂಚನಾ_ದಾವಣಗೆರೆ

ಎಲ್ಲ ಮೇಲೆ ಮುಖ ಮಾಡಿವೆ ಅಕ್ಕ. ಅರ್ಧ ಹೂವನ್ನು ಕೆಳಗೆ ತಿರುಗಿಸಿದರೆ ನಿಮಗೆ ಅನುಕೂಲವಾ? ಆದರೆ ತಿರುಗಿಸಿದರೆ ಅಂಚು ದಾಟುವ ಮಲ್ಲಿಗೆ, ಕಂಬ ಸಾಲಿನ ಸರಾಸರಿ ಎಲ್ಲ ಮತ್ತೆ ನೋಡಬೇಕಾಗುತ್ತದೆ.

ಶಕೀಲಾ ಟೈಲರ್ಸ್

ಅನುಕೂಲವೇ. ಚೆಲ್ಲಿದ ಹೂವು ಎರಡೂ ಕಡೆ ಮುಖ ಮಾಡಿದ್ದರೆ ಹೊಲಿಗೆಯಲ್ಲಿ ಕೂಡಿಸುವ ತಾಪತ್ರಯವೂ ಕಮ್ಮಿ, ಕೂಡದಿದ್ದರೂ ಯಾರಿಗೂ ಕಾಣುವುದಿಲ್ಲ.

ಹಳೇಮಿಲ್_ರಂಗು

ತಿರುಗಿಸುವುದಾದರೆ ಮೊದಲು ಒಳಗಿನ ಹೂವುಗಳನ್ನು ಮಾತ್ರ ಅವುಗಳ ಜಾಗದಲ್ಲೇ ತಿರುಗಿಸಿ, ಅಂಚಿನ ಎರಡನ್ನು ಮುಟ್ಟಬೇಡಿ. ಹೂವು ದುಂಡಗಿರುವುದರಿಂದ ಸರಾಸರಿ ಹೆಚ್ಚು ಬದಲಾಗುವುದಿಲ್ಲ. ತೊಟ್ಟು, ಎಲೆ ಮಾತ್ರ ಬೇರೆ ಕಡೆ ಹೋಗುತ್ತವೆ. `kamba.png` ಇನ್ನೊಮ್ಮೆ ತೆಗೆದು, ಹಳೆಯದರ ಪಕ್ಕ ಇಟ್ಟು ನೋಡಿ. ಆಮೇಲೆ ಸ್ಯಾಂಪಲ್ ಹಾಕಿಸಿ.